242ನೇ ವಿಧಿ: ಕೊಡಗು ರಾಜ್ಯ ಹೋದದ್ದು ಒಂದು ಕಾಯ್ದೆಯಿಂದ, ಅದರ ಹೆಸರಿನ ವಿಧಿ ಹೋದದ್ದು ತಿದ್ದುಪಡಿಯಿಂದ

ಭಾರತದ ಸಂವಿಧಾನದ ಯಾವುದೇ ಇತ್ತೀಚಿನ ಪ್ರತಿಯನ್ನು ತೆಗೆದು 241ನೇ ವಿಧಿಯ ಕೆಳಗೆ ನೋಡಿ. ಅಲ್ಲಿ ಚೌಕ ಕಂಸದೊಳಗೆ ಒಂದೇ ಹೆಸರಿದೆ: ಕೊಡಗು. ಪಕ್ಕದಲ್ಲಿ, 1956ರ ಏಳನೇ ತಿದ್ದುಪಡಿಯಿಂದ ರದ್ದಾಗಿದೆ ಎಂಬ ಒಂದು ಸಾಲು. ಅದರ ಕೆಳಗೆ ಏನೂ ಇಲ್ಲ, ನೇರ 243ಕ್ಕೆ ಹೋಗುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಲ್ಲಿ ಬೆಳೆದ ಬಹಳ ಮಂದಿಗೆ ತಮ್ಮ ನಾಡಿನ ಹೆಸರಿನಲ್ಲೇ ಸಂವಿಧಾನದಲ್ಲಿ ಒಂದು ವಿಧಿ ಇತ್ತು ಎಂಬುದು ಗೊತ್ತಿಲ್ಲ.

ಕೊಡಗು ರಾಜ್ಯವಾಗಿದ್ದದ್ದು ಮಾತ್ರ ಎಲ್ಲರಿಗೂ ಗೊತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಆ ದಿನ ಜಾರಿಗೆ ಬಂದದ್ದು ಒಂದಲ್ಲ, ಎರಡು. ಒಂದು, ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ, 1956. ಇನ್ನೊಂದು, ಸಂವಿಧಾನದ ಏಳನೇ ತಿದ್ದುಪಡಿ. ಮೊದಲನೆಯದು ಸಾಮಾನ್ಯ ಕಾಯ್ದೆ, ಸಂಸತ್ತಿನಲ್ಲಿ ಸರಳ ಬಹುಮತ ಇದ್ದರೆ ಸಾಕು. ಎರಡನೆಯದಕ್ಕೆ ಅದು ಸಾಲದು. ಕೊಡಗು ಎಂಬ ರಾಜ್ಯವನ್ನು ನಕ್ಷೆಯಿಂದ ತೆಗೆದದ್ದು ಸುಲಭದ ದಾರಿಯಲ್ಲಿ. ಆ ರಾಜ್ಯದ ಬಗ್ಗೆ ಇದ್ದ ಎರಡು ವಾಕ್ಯದ ವಿಧಿಯನ್ನು ಪುಸ್ತಕದಿಂದ ತೆಗೆದದ್ದು ಕಷ್ಟದ ದಾರಿಯಲ್ಲಿ. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸಂವಿಧಾನಕ್ಕೂ ಮಾಮೂಲಿ ಕಾಯ್ದೆಗೂ ಇರುವ ಅಂತರ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ.

242 ಏನು ಹೇಳುತ್ತಿತ್ತು

1834ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕೊಡಗು ಬ್ರಿಟಿಷರ ನೇರ ಆಡಳಿತಕ್ಕೆ ಬಂತು. ಮುಂದೆ ಚೀಫ್ ಕಮಿಷನರ್ ಪ್ರಾಂತ್ಯವಾಗಿ, ಒಂದು ಪುಟ್ಟ ಶಾಸನ ಪರಿಷತ್ತನ್ನೂ ಪಡೆಯಿತು. ಸಂವಿಧಾನ ಬರೆಯುವ ಹೊತ್ತಿಗೆ ಈ ಪರಿಷತ್ತು ಇತ್ತು, ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇತ್ತು. ಅದಕ್ಕೆ ಉತ್ತರವೇ 242. ಅದರ ಸಾರ ಇಷ್ಟು: ಸಂಸತ್ತು ಕಾನೂನಿನ ಮೂಲಕ ಬೇರೆ ಏರ್ಪಾಡು ಮಾಡುವವರೆಗೆ ಕೊಡಗಿನ ಶಾಸನ ಪರಿಷತ್ತಿನ ರಚನೆ, ಅಧಿಕಾರ, ಕೆಲಸ ಮೊದಲಿನಂತೆಯೇ ಇರಬೇಕು, ರಾಷ್ಟ್ರಪತಿಗಳು ಬೇರೆ ಆದೇಶ ಮಾಡುವವರೆಗೆ ಕೊಡಗಿನ ಆದಾಯ ಮತ್ತು ಖರ್ಚಿನ ವ್ಯವಸ್ಥೆಯೂ ಮೊದಲಿನಂತೆಯೇ ಇರಬೇಕು.

1950ರಲ್ಲಿ ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. ಆಗ ರಾಜ್ಯಗಳಲ್ಲಿ ಎ, ಬಿ, ಸಿ ಎಂಬ ವರ್ಗಗಳಿದ್ದವು. ಮದರಾಸು, ಬೊಂಬಾಯಿಯಂಥ ಹಳೆಯ ಪ್ರಾಂತ್ಯಗಳು ‘ಎ’. ಮೈಸೂರು, ಹೈದರಾಬಾದಿನಂಥ ದೊಡ್ಡ ಸಂಸ್ಥಾನಗಳು ‘ಬಿ’. ಕೊಡಗು, ಅಜ್ಮೀರ್, ಕಚ್, ದೆಹಲಿಯಂಥವು ‘ಸಿ’. ‘ಸಿ’ ವರ್ಗವೆಂದರೆ ಕೊನೆಗೆ ಕೇಂದ್ರವೇ ಆಳುವ ರಾಜ್ಯ. ರಾಜ್ಯಸಭೆಯಲ್ಲಿ ಅಜ್ಮೀರ್ ಮತ್ತು ಕೊಡಗು ಎರಡಕ್ಕೂ ಸೇರಿ ಒಂದೇ ಸ್ಥಾನವಿತ್ತು.

ಹಾಗಾದರೆ 1952ರಲ್ಲಿ ಚುನಾಯಿತ ವಿಧಾನಸಭೆ ಬಂದದ್ದು ಹೇಗೆ? ಸಂವಿಧಾನ ತಿದ್ದಿ ಅಲ್ಲ. ‘ಸಿ’ ವರ್ಗದ ರಾಜ್ಯಗಳ ಸರ್ಕಾರ ಕಾಯ್ದೆ, 1951 ಎಂಬ ಸಾಮಾನ್ಯ ಕಾಯ್ದೆಯಿಂದ. ಆ ಕಾಲದ 240ನೇ ವಿಧಿ ಸಂಸತ್ತಿಗೆ ಈ ಅಧಿಕಾರ ಕೊಟ್ಟಿತ್ತು. ಅಂಥ ಕಾಯ್ದೆಯಿಂದ ಸಂವಿಧಾನದ ಯಾವುದಾದರೂ ಮಾತು ಬದಲಾದರೂ ಅದನ್ನು, ಸಂವಿಧಾನ ತಿದ್ದುವ ವಿಧಾನ ಹೇಳುವ 368ನೇ ವಿಧಿಯ ಪ್ರಕಾರದ ತಿದ್ದುಪಡಿ ಎಂದು ಎಣಿಸಬಾರದು ಎಂದೂ ಅದೇ ವಿಧಿಯಲ್ಲಿತ್ತು. ಹೀಗೆ 24 ಸದಸ್ಯರ ಸಭೆ ಬಂತು. ಚುನಾವಣೆಯಲ್ಲಿ ಕಾಂಗ್ರೆಸ್ 15 ಸ್ಥಾನ ಗೆದ್ದಿತು, ಪಕ್ಷೇತರರು 9. ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದ್ದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನೊಡನೆ ವಿಲೀನ ಬೇಡವೆಂದು ಪಕ್ಷೇತರರಾಗಿ ನಿಂತಿದ್ದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷದವರು ವಿರೋಧದಲ್ಲಿ ಕೂತರು.

242ರ ಪದಗಳನ್ನು ಇಲ್ಲಿ ಗಮನಿಸಬೇಕು. ‘ಸಂಸತ್ತು ಕಾನೂನಿನ ಮೂಲಕ ಬೇರೆ ಏರ್ಪಾಡು ಮಾಡುವವರೆಗೆ.’ ಶಾಸನ ಪರಿಷತ್ತು ಎಂಬ ಸಂಸ್ಥೆಯನ್ನು ಬದಲಿಸುವ ಅಧಿಕಾರವನ್ನು ವಿಧಿಯೇ ಸಾಮಾನ್ಯ ಕಾಯ್ದೆಗೆ ಬಿಟ್ಟುಕೊಟ್ಟಿದೆ. ಆದರೆ 242 ಎಂಬ ವಿಧಿ ಪುಸ್ತಕದಲ್ಲಿ ಇರಬೇಕೋ ಬೇಡವೋ ಎಂಬುದನ್ನು ಬಿಟ್ಟುಕೊಟ್ಟಿಲ್ಲ. ಪರಿಷತ್ತು ಹೋಗಿ ವಿಧಾನಸಭೆ ಬಂದ ಮೇಲೂ ಆ ವಿಧಿ ಸಂವಿಧಾನದಲ್ಲಿ ಉಳಿದೇ ಇತ್ತು.

ಮೊದಲ ದಾರಿ: ಪುನರ್ವಿಂಗಡಣಾ ಕಾಯ್ದೆ

ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಕೊಡಗು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಅದರಲ್ಲಿತ್ತು. ಮುಂದಿನ ವರ್ಷ ಮಸೂದೆ ಬಂತು, ಆಗಸ್ಟ್ 31ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾಯ್ದೆಯ 7ನೇ ಸೆಕ್ಷನ್ ಹೊಸ ಮೈಸೂರು ರಾಜ್ಯದಲ್ಲಿ ಯಾವ್ಯಾವ ಪ್ರದೇಶ ಸೇರುತ್ತವೆಂದು ಪಟ್ಟಿ ಮಾಡುತ್ತದೆ: ಹಳೆಯ ಮೈಸೂರು, ಬೊಂಬಾಯಿಯಿಂದ ಬಂದ ಜಿಲ್ಲೆಗಳು, ಹೈದರಾಬಾದಿನಿಂದ ಬಂದವು, ಮದರಾಸಿನಿಂದ ಬಂದವು, ಮತ್ತು ಕೊಡಗು ರಾಜ್ಯ.

ಇದಕ್ಕೆಲ್ಲ ಆಧಾರ 3ನೇ ವಿಧಿ. ಹೊಸ ರಾಜ್ಯ ಮಾಡುವುದು, ಎರಡನ್ನು ಸೇರಿಸುವುದು, ಗಡಿ ಅಥವಾ ಹೆಸರು ಬದಲಿಸುವುದು, ಇವನ್ನು ಸಂಸತ್ತು ಕಾನೂನಿನ ಮೂಲಕ ಮಾಡಬಹುದು. ಇದರಿಂದ ಸಂವಿಧಾನದ ಪರಿಚ್ಛೇದಗಳೂ ಬದಲಾಗುತ್ತವಲ್ಲ ಎಂದರೆ 4ನೇ ವಿಧಿ ಉತ್ತರ ಕೊಡುತ್ತದೆ: ಅಂಥ ಕಾನೂನನ್ನು 368ರ ಉದ್ದೇಶಕ್ಕೆ ಸಂವಿಧಾನದ ತಿದ್ದುಪಡಿ ಎಂದು ಭಾವಿಸತಕ್ಕದ್ದಲ್ಲ.

ಮಧ್ಯೆ ಒಂದು ಷರತ್ತಿದೆ. ಮಸೂದೆಗೆ ರಾಷ್ಟ್ರಪತಿಗಳ ಶಿಫಾರಸು ಬೇಕು, ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು. ಕೇಳಬೇಕು ಅಷ್ಟೆ, ಹೇಳಿದಂತೆ ನಡೆಯಬೇಕೆಂದಿಲ್ಲ. ಉತ್ತರಕ್ಕೆ ಮೊದಲು ಗಡುವಿರಲಿಲ್ಲ. 1955ರ ಡಿಸೆಂಬರಿನ ಐದನೇ ತಿದ್ದುಪಡಿ ಗಡುವು ಹಾಕುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. ಬೊಂಬಾಯಿಯ ವಿಷಯದಲ್ಲಿ ಶಾಸಕಾಂಗಕ್ಕೆ ಕಳಿಸಿದ ಮಸೂದೆಯೇ ಒಂದು, ಸಂಸತ್ತು ಕೊನೆಗೆ ಒಪ್ಪಿದ್ದೇ ಇನ್ನೊಂದು. ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಮಸೂದೆ ಬದಲಾದಾಗಲೆಲ್ಲ ಮತ್ತೆ ಮತ್ತೆ ಕೇಳಬೇಕಿಲ್ಲ ಎಂದಿತು.

ಕೊಡಗಿನ ಪಾಲಿಗೆ ಇನ್ನೊಂದು ವಿಷಯವಿದೆ. ಆ ಕಾಲದ 3ನೇ ವಿಧಿಯ ಷರತ್ತಿನಲ್ಲಿ ‘ಎ ಅಥವಾ ಬಿ ವರ್ಗದಲ್ಲಿ ನಮೂದಿಸಿದ ರಾಜ್ಯಗಳು’ ಎಂಬ ಮಾತಿತ್ತು. ‘ಸಿ’ ವರ್ಗ ಅದರಲ್ಲಿರಲಿಲ್ಲ. ಮೈಸೂರಿನ ಶಾಸಕಾಂಗವನ್ನು ಕೇಳಲೇಬೇಕಿತ್ತು, ಕೊಡಗಿನ 24 ಮಂದಿಯ ಸಭೆಯನ್ನು ಕೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ಕೇಳಬಾರದೆಂದೂ ಇರಲಿಲ್ಲ. ಆದರೆ ಸಂವಿಧಾನ ವಿಧಿಸುವುದು ಒಂದು, ಸರ್ಕಾರ ಮನಸ್ಸಿದ್ದರೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಕೋರ್ಟಿನಲ್ಲಿ ಕೇಳಬಹುದು, ಎರಡನೆಯದನ್ನು ಕೇಳಲಾಗದು.

ಎರಡನೇ ದಾರಿ: ಏಳನೇ ತಿದ್ದುಪಡಿ

ರಾಜ್ಯಗಳನ್ನು ಸೇರಿಸಲು 3ನೇ ವಿಧಿ ಸಾಕಿತ್ತು. ಆದರೆ ಎ, ಬಿ, ಸಿ ಎಂಬ ವರ್ಗೀಕರಣವನ್ನೇ ಕಿತ್ತುಹಾಕಿ, ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳು ಎಂಬ ಹೊಸ ವ್ಯವಸ್ಥೆ ತರಲು, ‘ಬಿ’ ವರ್ಗದ ರಾಜ್ಯಗಳ ಮುಖ್ಯಸ್ಥರಾಗಿದ್ದ ರಾಜಪ್ರಮುಖರನ್ನು ಕೈಬಿಡಲು, ಹೈಕೋರ್ಟುಗಳ ಬಗೆಗಿನ ವಿಧಿಗಳನ್ನು ಬದಲಿಸಲು ಅದು ಸಾಲದು. ಅದಕ್ಕೆ 368ನೇ ವಿಧಿಯೇ ಬೇಕಾಯಿತು. 242 ರದ್ದಾದದ್ದು ಈ ದೊಡ್ಡ ಕೆಲಸದ ಒಂದು ಸಣ್ಣ ತುಣುಕಾಗಿ.

368ರ ಲೆಕ್ಕವನ್ನು ಇವತ್ತಿನ ಲೋಕಸಭೆಯ 543 ಸ್ಥಾನಗಳ ಮೇಲೆ ಮಾಡಿ ನೋಡೋಣ. ಕೋರಂ ಎಂದರೆ ಹತ್ತರಲ್ಲೊಂದು ಭಾಗ, 55 ಮಂದಿ. ಮಳೆಗಾಲದ ಒಂದು ಸಂಜೆ ಸದನದಲ್ಲಿ 60 ಮಂದಿ ಇದ್ದು ಎಲ್ಲರೂ ಮತ ಹಾಕಿದರು ಅಂದುಕೊಳ್ಳಿ. 31 ಮಂದಿ ಹೌದೆಂದರೆ ಸಾಮಾನ್ಯ ಮಸೂದೆ ಪಾಸು. ತಿದ್ದುಪಡಿ ಮಸೂದೆಯಾದರೆ 60 ಮಂದಿಯೂ ಹೌದೆಂದರೂ ಬಿದ್ದುಹೋಗುತ್ತದೆ. ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 272 ಮತ ಬೇಕೇ ಬೇಕು. ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲೂ ಬೇಕು. 500 ಮಂದಿ ಮತ ಹಾಕಿದರೆ ಸಾಮಾನ್ಯ ಮಸೂದೆಗೆ 251 ಸಾಕು, ತಿದ್ದುಪಡಿಗೆ 334. ರಾಜ್ಯಸಭೆಯಲ್ಲೂ ಪ್ರತ್ಯೇಕವಾಗಿ ಇದೇ ನಿಯಮ. ಸಾಮಾನ್ಯ ಮಸೂದೆಯಲ್ಲಿ ಎರಡು ಸದನಗಳಿಗೆ ಒಮ್ಮತವಾಗದಿದ್ದರೆ ಜಂಟಿ ಅಧಿವೇಶನ ಕರೆಯಬಹುದು; ಲೋಕಸಭೆಯವರ ಸಂಖ್ಯೆ ಹೆಚ್ಚಾದ್ದರಿಂದ ಸಾಮಾನ್ಯವಾಗಿ ಅವರ ಮಾತೇ ನಡೆಯುತ್ತದೆ. ತಿದ್ದುಪಡಿಗೆ ಆ ದಾರಿಯೂ ಇಲ್ಲ.

ಕೆಲವು ವಿಷಯಗಳಿಗೆ ಇದರ ಮೇಲೆ ಇನ್ನೊಂದು ಮೆಟ್ಟಿಲಿದೆ: ಅರ್ಧದಷ್ಟಾದರೂ ರಾಜ್ಯಗಳ ಶಾಸಕಾಂಗಗಳ ಅನುಮೋದನೆ. ರಾಷ್ಟ್ರಪತಿ ಚುನಾವಣೆ, ಕೇಂದ್ರ ಮತ್ತು ರಾಜ್ಯದ ಅಧಿಕಾರ ಹಂಚಿಕೆಯ ಪಟ್ಟಿಗಳು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಕೊನೆಗೆ 368ನೇ ವಿಧಿಯೇ ಈ ಗುಂಪಿನಲ್ಲಿವೆ. ಏಳನೇ ತಿದ್ದುಪಡಿ ಇವುಗಳಲ್ಲಿ ಕೆಲವನ್ನು ಮುಟ್ಟುತ್ತಿದ್ದುದರಿಂದ ರಾಜ್ಯಗಳ ಅನುಮೋದನೆ ಪಡೆದೇ 1956ರ ಅಕ್ಟೋಬರ್ 19ಕ್ಕೆ ಅಂಕಿತವಾಯಿತು. ಆಗಿನ 368ರಲ್ಲಿಯೂ ‘ಎ ಮತ್ತು ಬಿ ವರ್ಗದ ರಾಜ್ಯಗಳು’ ಎಂದೇ ಇತ್ತು. ಅನುಮೋದಿಸುವವರ ಲೆಕ್ಕದಲ್ಲೂ ಕೊಡಗಿಲ್ಲ.

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಮುಂದಿನದು. ಏಳನೇ ತಿದ್ದುಪಡಿ 3ನೇ ವಿಧಿಯ ಷರತ್ತಿನಿಂದ ‘ಎ ಅಥವಾ ಬಿ ವರ್ಗದಲ್ಲಿ ನಮೂದಿಸಿದ’ ಎಂಬ ಪದಗಳನ್ನು ತೆಗೆದುಹಾಕಿತು. ಅಂದಿನಿಂದ ಯಾವ ರಾಜ್ಯದ ಗಡಿ ಮುಟ್ಟಬೇಕಾದರೂ ಅದರ ಶಾಸಕಾಂಗವನ್ನು ಕೇಳಲೇಬೇಕು. ಈ ರಕ್ಷಣೆ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಅಂದೇ ಕೊಡಗಿಗೆ ಕೇಳಿಸಿಕೊಳ್ಳಲು ವಿಧಾನಸಭೆಯೇ ಇಲ್ಲವಾಯಿತು. ವಿಲೀನ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಕೊಡಗಿನ ಮನೆಗಳಲ್ಲಿ ಅದರ ಬಗ್ಗೆ ಇವತ್ತಿಗೂ ಎರಡು ಅಭಿಪ್ರಾಯವಿದೆ. ಆದರೆ ಮೂಲ ಷರತ್ತು ‘ಸಿ’ ವರ್ಗದವರನ್ನು ಹೊರಗಿಟ್ಟದ್ದು ನ್ಯಾಯವಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಅದನ್ನು ಸರಿಪಡಿಸಿದ್ದರಿಂದ ಅನುಕೂಲ ಆದದ್ದು ಬೇರೆಯವರಿಗೆ.

ಹೀಗೇಕೆ ಇಟ್ಟರು

ಕಾನೂನು ಓದುತ್ತಿದ್ದ ಗೋಣಿಕೊಪ್ಪದ ಹುಡುಗಿಯೊಬ್ಬಳು ಒಮ್ಮೆ ನೇರವಾಗಿ ಕೇಳಿದಳು: “ಸರ್, ರಾಜ್ಯವೇ ಇಲ್ಲದಂತೆ ಮಾಡೋಕೆ ಸರಳ ಬಹುಮತ, ಹೈಕೋರ್ಟಿನ ಒಂದು ವಿಧಿ ತಿದ್ದೋಕೆ ಮೂರನೇ ಎರಡು ಪಾಲು ಮತ್ತೆ ಅರ್ಧ ರಾಜ್ಯಗಳು. ಯಾವುದು ದೊಡ್ಡದು ಅಂತ ಅವರಿಗೆ ಗೊತ್ತಿರಲಿಲ್ವಾ?”

ಗೊತ್ತಿತ್ತು. 1949ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯ ವಿಧಿ ಚರ್ಚೆಗೆ ಬಂದಾಗ ಅಂಬೇಡ್ಕರ್ ಸಂವಿಧಾನದ ವಿಧಿಗಳನ್ನು ಮೂರು ಗುಂಪು ಮಾಡಿ ವಿವರಿಸಿದರು: ಸರಳ ಬಹುಮತದಿಂದ ಬದಲಾಗುವವು, ವಿಶೇಷ ಬಹುಮತ ಬೇಕಾದವು, ವಿಶೇಷ ಬಹುಮತದ ಜೊತೆಗೆ ರಾಜ್ಯಗಳ ಒಪ್ಪಿಗೆಯೂ ಬೇಕಾದವು. ಹೀಗೆ ವಿಂಗಡಿಸುವಾಗ ನೋಡಿದ್ದು ವಿಷಯ ದೊಡ್ಡದೋ ಚಿಕ್ಕದೋ ಎಂದಲ್ಲ. ಬದಲಿಸುವ ಕೈಯೇ ಆ ಬದಲಾವಣೆಯಿಂದ ಬಲವಾಗುತ್ತದೆಯೇ ಎಂಬುದು ಮುಖ್ಯ ಎಂದು ನಾನು ತಿಳಿದಿದ್ದೇನೆ. ಆಗಿನ ನಕ್ಷೆ ಕಚ್ಚಾ ನಕ್ಷೆ. ಐನೂರಕ್ಕೂ ಹೆಚ್ಚು ಸಂಸ್ಥಾನಗಳು ಆಗಷ್ಟೇ ಸೇರಿದ್ದವು, ಭಾಷಾವಾರು ಪ್ರಾಂತ್ಯದ ಬೇಡಿಕೆ ಬಾಗಿಲಲ್ಲೇ ನಿಂತಿತ್ತು. ಗಡಿಯ ಬದಲಾವಣೆಗೆಲ್ಲ ಅರ್ಧ ರಾಜ್ಯಗಳ ಒಪ್ಪಿಗೆ ಬೇಕೆಂದಿದ್ದರೆ ಹೊಸ ಮೈಸೂರು ಆಗುತ್ತಿತ್ತೋ ಇಲ್ಲವೋ. ಅಧಿಕಾರ ಹಂಚಿಕೆ ಹಾಗಲ್ಲ. ರಾಜ್ಯಪಟ್ಟಿಯಲ್ಲಿರುವ ಒಂದು ವಿಷಯವನ್ನು ಸಂಸತ್ತು ಸರಳ ಬಹುಮತದಿಂದ ತನ್ನ ಪಟ್ಟಿಗೆ ಎಳೆದುಕೊಳ್ಳಬಹುದೆಂದಾದರೆ ಆಟದ ನಿಯಮವನ್ನು ಆಡುವವನ ಕೈಗೇ ಕೊಟ್ಟಂತೆ. ಅದಕ್ಕೇ ಅಲ್ಲಿ ಎರಡು ಬೀಗ.

ಗಡಿಯ ವಿಷಯದಲ್ಲೂ ಎಲ್ಲವೂ ಸುಲಭವಲ್ಲ. ದೇಶದೊಳಗೆ ನಾಡೊಂದನ್ನು ಆ ರಾಜ್ಯದಿಂದ ಈ ರಾಜ್ಯಕ್ಕೆ ಹಾಕಲು 3ನೇ ವಿಧಿ ಸಾಕು. ಬೇರುಬಾರಿ ಎಂಬ ಪ್ರದೇಶದ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ಮಾತು ಬಂದಾಗ, ಅದು ಸಾಲದು, 368ರ ತಿದ್ದುಪಡಿ ಬೇಕು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಒಂಬತ್ತನೇ ತಿದ್ದುಪಡಿಯಾಯಿತು.

ಈ ಬೀಗ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದಕ್ಕೆ 1970ನ್ನು ನೋಡಬೇಕು. ಮಾಜಿ ರಾಜರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ರಾಜಧನವನ್ನು ರದ್ದುಮಾಡುವ ತಿದ್ದುಪಡಿ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಗೆ ಬಂತು. ಪರ 149, ವಿರೋಧ 75. ಒಟ್ಟು 224, ಅದರ ಮೂರನೇ ಎರಡು ಪಾಲು 149ಕ್ಕಿಂತ ಚೂರು ಹೆಚ್ಚು. ಒಂದು ಪೂರ್ತಿ ಮತವೂ ಅಲ್ಲ, ಮತದ ಒಂದು ಚೂರಿನಿಂದ ಮಸೂದೆ ಬಿತ್ತು. ವಿರೋಧಿಗಳ ಹೆಚ್ಚುಕಡಿಮೆ ಎರಡರಷ್ಟು ಮಂದಿ ಪರವಾಗಿದ್ದರೂ ಬಿತ್ತು. ಸರ್ಕಾರ ರಾಷ್ಟ್ರಪತಿಗಳ ಆದೇಶದಿಂದ ರಾಜರ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮರುವರ್ಷ ಚುನಾವಣೆಯಲ್ಲಿ ದೊಡ್ಡ ಬಹುಮತ ಪಡೆದು ಬಂದ ಮೇಲೆ ಅದೇ ಸರ್ಕಾರ 26ನೇ ತಿದ್ದುಪಡಿಯಿಂದ ಕೆಲಸ ಮುಗಿಸಿತು. ರಾಜಧನ ಹೋದದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಆದರೂ ಮಧ್ಯೆ ಜನರ ಬಳಿಗೆ ಹೋಗಿ ಬರಬೇಕಾಯಿತಲ್ಲ, ಕಷ್ಟದ ದಾರಿ ಇಟ್ಟದ್ದು ಅದಕ್ಕಾಗಿಯೇ.

ಕೋವಿಯ ಉದಾಹರಣೆ

ಸಂವಿಧಾನಕ್ಕೂ ಕಾಯ್ದೆಗೂ ಇರುವ ವ್ಯತ್ಯಾಸ ಬದಲಿಸುವ ಕಷ್ಟದಲ್ಲಿ ಮಾತ್ರ ಇಲ್ಲ, ಕಾಯ್ದೆಯನ್ನು ಅಳೆಯುವ ಕೋಲು ಸಂವಿಧಾನ ಎಂಬುದರಲ್ಲೂ ಇದೆ. ಕೊಡಗಿನಲ್ಲಿ ಇದಕ್ಕೆ ಮನೆಮನೆಗೂ ಗೊತ್ತಿರುವ ನಿದರ್ಶನ ಕೋವಿ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಇದು ಸಂವಿಧಾನದಲ್ಲಿಲ್ಲ, ಶಸ್ತ್ರಾಸ್ತ್ರ ಕಾಯ್ದೆಯ ಪಠ್ಯದಲ್ಲೂ ಇಲ್ಲ. ಕಾಯ್ದೆಯ 41ನೇ ಸೆಕ್ಷನ್ ಕೊಟ್ಟ ಅಧಿಕಾರದಿಂದ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯಲ್ಲಿದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು. ಒಂದು ಸಮುದಾಯಕ್ಕೆ ಹೀಗೆ ವಿನಾಯಿತಿ ಕೊಡುವುದು ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ, ಅಧಿಸೂಚನೆಯನ್ನು ಕೋರ್ಟು ಅಳೆದದ್ದು ಸಂವಿಧಾನದ 14ನೇ ವಿಧಿಯಿಂದ. 2021ರಲ್ಲಿ ವಿನಾಯಿತಿ ಉಳಿಯಿತು. ಅಳತೆಗೆ ಬಾರದಿದ್ದರೆ ಸಂಸತ್ತು ಒಪ್ಪಿದ ಕಾಯ್ದೆಯಾದರೂ ಬೀಳುತ್ತಿತ್ತು. ತಿದ್ದುಪಡಿಗೂ ಒಂದು ಎಲ್ಲೆ ಇದೆ: ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6ರಿಂದ ತೀರ್ಪು ಕೊಟ್ಟಿದೆ.

ಇಂದಿನ ಬೇಡಿಕೆಗಳನ್ನು ಇದೇ ಲೆಕ್ಕದಲ್ಲಿ ಇಟ್ಟರೆ

ಜಿಲ್ಲಾಧಿಕಾರಿ ಕಚೇರಿಗೆ ಕೊಡುವ ಮನವಿಗಳಲ್ಲಿ ಹಲವು ಬೇಡಿಕೆಗಳು ಒಂದೇ ಹಾಳೆಯಲ್ಲಿರುತ್ತವೆ. ಎಲ್ಲಕ್ಕೂ ಒಂದೇ ದಾರಿ ಎಂದುಕೊಂಡವರೇ ಹೆಚ್ಚು. ಯಾವುದಕ್ಕೆ ಯಾವ ದಾರಿ ಎಂದು ತಿಳಿಯಲು ಸಂಬಂಧಪಟ್ಟ ವಿಧಿಯನ್ನು ತೆಗೆದು ಎರಡು ಮಾತು ಹುಡುಕಬೇಕು: ‘ಸಂಸತ್ತು ಕಾನೂನಿನ ಮೂಲಕ’ ಎಂಬುದು ಇದೆಯೇ, ‘368ರ ಉದ್ದೇಶಕ್ಕೆ ತಿದ್ದುಪಡಿ ಎಂದು ಭಾವಿಸತಕ್ಕದ್ದಲ್ಲ’ ಎಂಬುದು ಇದೆಯೇ. ಇದ್ದರೆ ಸರಳ ಬಹುಮತ. ಇಲ್ಲದಿದ್ದರೆ 368. ಆಮೇಲೆ 368ರ ಎರಡನೇ ಉಪವಿಧಿಯ ಪಟ್ಟಿಯಲ್ಲಿ ಆ ವಿಷಯ ಇದೆಯೇ ನೋಡಬೇಕು. ಇದ್ದರೆ ರಾಜ್ಯಗಳ ಅನುಮೋದನೆಯೂ ಬೇಕು.

ಕೊಡವ ತಕ್ಕ್ ಭಾಷೆ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಬೇಕೆಂಬ ಬೇಡಿಕೆ ತೆಗೆದುಕೊಳ್ಳಿ. ಆ ಪರಿಚ್ಛೇದವನ್ನು ಸಾಮಾನ್ಯ ಕಾಯ್ದೆಯಿಂದ ಬದಲಿಸಲು ಎಲ್ಲೂ ಅವಕಾಶ ಕೊಟ್ಟಿಲ್ಲ. 14 ಭಾಷೆಗಳಿಂದ ಶುರುವಾಗಿ 22 ಆದದ್ದು ಮೂರು ತಿದ್ದುಪಡಿಗಳಿಂದ: 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ. ಅನುಮೋದನೆಯ ಪಟ್ಟಿಯಲ್ಲಿ ಈ ಪರಿಚ್ಛೇದ ಇಲ್ಲವಾದ್ದರಿಂದ ಎರಡೂ ಸದನಗಳ ವಿಶೇಷ ಬಹುಮತ ಸಾಕು. ಕಲ್ಯಾಣ ಕರ್ನಾಟಕಕ್ಕೆ 371ಜೆ ಸಿಕ್ಕ ಹಾಗೆ ಕೊಡಗಿಗೂ ಒಂದು ವಿಶೇಷ ವಿಧಿ ಬೇಕೆಂದರೂ ಹೀಗೆಯೇ. ಅದು ಬಂದದ್ದು 98ನೇ ತಿದ್ದುಪಡಿಯಿಂದ.

ಕೊಡಗು ಮತ್ತೆ ಪ್ರತ್ಯೇಕ ರಾಜ್ಯವಾಗಬೇಕೆಂದರೆ ಮಾತ್ರ 3ನೇ ವಿಧಿ. ಸಂಖ್ಯೆಯ ದೃಷ್ಟಿಯಿಂದ ಮೂರರಲ್ಲಿ ಅತಿ ಸುಲಭದ್ದು ಅದೇ ಎಂದರೆ ಕೇಳಿದವರು ನಂಬುವುದಿಲ್ಲ. ರಾಷ್ಟ್ರಪತಿಗಳ ಶಿಫಾರಸು, ಗಡುವಿನೊಳಗೆ ಕರ್ನಾಟಕ ವಿಧಾನಮಂಡಲದ ಅಭಿಪ್ರಾಯ, ಸಂಸತ್ತಿನಲ್ಲಿ ಸರಳ ಬಹುಮತ. ಬೆಂಗಳೂರು ಬೇಡವೆಂದರೂ ಕಾನೂನಿನ ಪ್ರಕಾರ ಅದು ತಡೆಯಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಸಂಸತ್ತು ಅದನ್ನು ಒಪ್ಪಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು. ರಾಜಕೀಯವಾಗಿ ಕೊಡಗಿಗೆ ಆ ಬಲ ಇಲ್ಲ: ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ ಜಿಲ್ಲೆಗೆ ಇರುವುದು ಎರಡು, ಲೋಕಸಭೆಗೆ ಮೈಸೂರಿನ ಜೊತೆ ಹಂಚಿಕೊಂಡ ಒಂದು. 1952ರಲ್ಲಿ ಮಾತ್ರ 24 ಶಾಸಕರೂ ಲೋಕಸಭೆಯಲ್ಲಿ ತನ್ನದೇ ಒಂದು ಸ್ಥಾನವೂ ಇದ್ದವು. ಅವೂ ಬಂದದ್ದು ಸರಳ ಬಹುಮತದಿಂದ, ಹೋದದ್ದೂ ಸರಳ ಬಹುಮತದಿಂದ.